ಕ್ಲೌಡ್ ಸರ್ವರ್ ಬಾಡಿಗೆ: ಮೀಟರ್ ಎಲ್ಲೆಲ್ಲಿ ಓಡುತ್ತದೆ?

ಅಂಗಡಿಗೆ ವೆಬ್‌ಸೈಟ್ ಮಾಡಿಸಲು ಹೊರಟರೆ ಡೆವಲಪರ್ ಮೊದಲು ಕೇಳುವುದು ಒಂದು ಕ್ಲೌಡ್ ಸರ್ವರ್. ಅದನ್ನು ನೀವು ಕೊಳ್ಳುವುದಿಲ್ಲ. ಕಂಪನಿಯೊಂದರ ಡೇಟಾ ಸೆಂಟರ್‌ನಲ್ಲಿ ದೊಡ್ಡ ದೊಡ್ಡ ಕಂಪ್ಯೂಟರ್‌ಗಳಿರುತ್ತವೆ. ಸಾಫ್ಟ್‌ವೇರ್ ಮೂಲಕ ಒಂದೊಂದನ್ನೂ ಹಲವು ಭಾಗ ಮಾಡಿ, ಪ್ರತಿ ಭಾಗವೂ ಸ್ವತಂತ್ರ ಕಂಪ್ಯೂಟರಿನಂತೆ ಕೆಲಸ ಮಾಡುವ ಹಾಗೆ ಮಾಡಿರುತ್ತಾರೆ. ಅಂಥ ಒಂದು ಭಾಗವನ್ನು ಗಂಟೆಯ ಲೆಕ್ಕದಲ್ಲಿ ನಿಮಗೆ ಬಾಡಿಗೆಗೆ ಕೊಡುತ್ತಾರೆ. ಅಮೆಜಾನ್ 2006ರಲ್ಲಿ ಶುರುಮಾಡಿದ ಈ ಪದ್ಧತಿಯನ್ನು ಇಂದು ಹಲವು ಕಂಪನಿಗಳು ಅನುಸರಿಸುತ್ತಿವೆ.

ಮೊದಲು ಖಾತೆ. ಖಾತೆ ನಿಮ್ಮದೇ ಇಮೇಲ್, ನಿಮ್ಮದೇ ಫೋನ್ ನಂಬರಿನಲ್ಲಿರಲಿ. ಡೆವಲಪರ್‌ಗೆ ಅದರೊಳಗೆ ಬೇರೆ ಲಾಗಿನ್ ಮಾಡಿಕೊಡಬಹುದು. ಅವರ ಹೆಸರಿನಲ್ಲೇ ಖಾತೆ ತೆರೆದರೆ, ಅವರು ಕೆಲಸ ಬಿಟ್ಟ ದಿನ ನಿಮ್ಮ ಗ್ರಾಹಕರ ಪಟ್ಟಿ, ಆರ್ಡರ್‌ಗಳ ದಾಖಲೆ ಎಲ್ಲಕ್ಕೂ ಅವರನ್ನೇ ಕಾಯಬೇಕಾಗುತ್ತದೆ. ಮುಖ್ಯ ಲಾಗಿನ್‌ಗೆ ಪಾಸ್‌ವರ್ಡ್ ಜೊತೆಗೆ ಒಟಿಪಿಯನ್ನೂ ಕಡ್ಡಾಯ ಮಾಡಿಕೊಳ್ಳಿ.

ನಂತರ ಅಳತೆ. ದಿನಕ್ಕೆ ಇನ್ನೂರು ಜನ ನೋಡುವ ಸೈಟಿಗೆ ಎರಡು ಜಿಬಿ ಮೆಮೊರಿ, ಐವತ್ತು ಜಿಬಿ ಡಿಸ್ಕ್ ಇರುವ ಚಿಕ್ಕ ಸರ್ವರ್ ಸಾಮಾನ್ಯವಾಗಿ ಸಾಕು. ಮುಂದೆ ಬೇಕಾಗಬಹುದೆಂದು ಈಗಲೇ ದೊಡ್ಡದನ್ನು ತೆಗೆದುಕೊಳ್ಳಬೇಡಿ. ಕೆಲವು ನಿಮಿಷ ನಿಲ್ಲಿಸಿ ದೊಡ್ಡ ಅಳತೆಗೆ ಬದಲಿಸಲು ಬರುತ್ತದೆ. ಜನ ಹೆಚ್ಚಾದಾಗಲೆಲ್ಲ ಆರ್ಡರ್, ಗ್ರಾಹಕರ ವಿವರ ಇಡುವ ಡೇಟಾಬೇಸ್ ತಾನಾಗಿಯೇ ನಿಂತುಹೋಗುತ್ತಿದ್ದರೆ, ಮೆಮೊರಿ ಸಾಲುತ್ತಿಲ್ಲವೆಂದು ಮೊದಲು ಅನುಮಾನಿಸಿ.

ಈಗ ಬಿಲ್ಲು. ಬಹುಪಾಲು ಮಾಲೀಕರು ಗಲಿಬಿಲಿಗೊಳ್ಳುವುದು ಇಲ್ಲೇ. ಬಿಲ್ಲಿನಲ್ಲಿ ಒಂದಲ್ಲ, ನಾಲ್ಕು ಮೀಟರ್‌ಗಳಿರಬಹುದು. ಮೊದಲನೆಯದು ಸರ್ವರ್ ಓಡಿದ ಸಮಯ: ತಿಂಗಳಿಡೀ ಓಡಿದರೆ ಸುಮಾರು 730 ಗಂಟೆ. ಎರಡನೆಯದು ಡಿಸ್ಕ್. ಐವತ್ತು ಜಿಬಿ ಕೇಳಿ ಹತ್ತನ್ನೇ ಬಳಸಿದರೂ ಐವತ್ತಕ್ಕೇ ಬಾಡಿಗೆ. ಮೂರನೆಯದು ಸರ್ವರಿನ ಇಂಟರ್ನೆಟ್ ವಿಳಾಸ. ಅಮೆಜಾನ್ 2024ರ ಫೆಬ್ರುವರಿಯಿಂದ ಇದಕ್ಕೂ ಗಂಟೆಯ ಲೆಕ್ಕದಲ್ಲಿ ಹಣ ಪಡೆಯುತ್ತಿದೆ. ನಾಲ್ಕನೆಯದು ನಿಮ್ಮ ಸರ್ವರಿನಿಂದ ಹೊರಗೆ ಹೋಗುವ ಡೇಟಾ.

ಈ ನಾಲ್ಕನೆಯದನ್ನು ನೀವೇ ಲೆಕ್ಕ ಹಾಕಬಹುದು. ಇನ್ನೂರು ಜನ ತಲಾ ಐದು ಪುಟ ನೋಡಿದರೆ ದಿನಕ್ಕೆ ಸಾವಿರ ಪುಟ. ಫೋಟೊಗಳೂ ಸೇರಿ ಒಂದು ಪುಟ ಎರಡು ಎಂಬಿ ಇದ್ದರೆ ದಿನಕ್ಕೆ ಎರಡು ಜಿಬಿ, ತಿಂಗಳಿಗೆ ಅರವತ್ತು. ಅದೇ ಫೋಟೊಗಳನ್ನು ಕುಗ್ಗಿಸಿ ಪುಟವನ್ನು 300 ಕೆಬಿಗೆ ಇಳಿಸಿದರೆ ತಿಂಗಳಿಗೆ ಒಂಬತ್ತೇ ಜಿಬಿ. ಪುಟವೂ ಬೇಗ ತೆರೆದುಕೊಳ್ಳುತ್ತದೆ. ಇಷ್ಟು ಜಿಬಿಯವರೆಗೆ ಉಚಿತ ಎಂಬ ಮಿತಿ ಹಲವು ಕಂಪನಿಗಳಲ್ಲಿದೆ, ಅದನ್ನು ಮೊದಲೇ ಕೇಳಿಕೊಳ್ಳಿ.

ನಿಲ್ಲಿಸುವುದು ಬೇರೆ, ಅಳಿಸುವುದು ಬೇರೆ. ಸರ್ವರ್ ನಿಲ್ಲಿಸಿದರೆ ಅಮೆಜಾನ್‌ನಲ್ಲಿ ಮೊದಲ ಮೀಟರ್ ನಿಲ್ಲುತ್ತದೆ, ಡಿಸ್ಕಿನ ಮೀಟರ್ ಓಡುತ್ತಲೇ ಇರುತ್ತದೆ. ಡಿಜಿಟಲ್ ಓಷನ್ ಎಂಬ ಕಂಪನಿಯಲ್ಲಾದರೆ ನಿಲ್ಲಿಸಿದ ಸರ್ವರಿಗೂ ಪೂರ್ತಿ ಬಾಡಿಗೆ. ಅಲ್ಲಿ ಸರ್ವರ್ ಅಳಿಸಿದರೆ ಮಾತ್ರ ಅದರ ಬಾಡಿಗೆ ನಿಲ್ಲುತ್ತದೆ. ಅಳಿಸಿದ ಮೇಲೂ ಪ್ರತ್ಯೇಕವಾಗಿ ಸೇರಿಸಿದ ಡಿಸ್ಕ್, ಹಳೆಯ ಬ್ಯಾಕಪ್ ಪ್ರತಿಗಳು ಖಾತೆಯಲ್ಲಿ ಉಳಿದಿರಬಹುದು. ಯಾವ ಸರ್ವರೂ ಇಲ್ಲದಿದ್ದರೂ ತಿಂಗಳು ತಿಂಗಳು ಚಿಕ್ಕ ಮೊತ್ತ ಕಡಿತವಾಗುತ್ತಿದ್ದರೆ ಕಾರಣ ಸಾಮಾನ್ಯವಾಗಿ ಇವೇ.

ಖಾತೆ ತೆರೆದ ದಿನವೇ ಬಜೆಟ್ ಎಚ್ಚರಿಕೆ ಹಾಕಿ. ನಿರೀಕ್ಷಿತ ಬಿಲ್ಲಿನ ಅರ್ಧಕ್ಕೊಂದು, ಪೂರ್ತಿ ಮೊತ್ತಕ್ಕೊಂದು. ಆದರೆ ಈ ಎಚ್ಚರಿಕೆ ಇಮೇಲ್ ಕಳಿಸುತ್ತದೆಯೇ ಹೊರತು, ಬೇರೆ ಏರ್ಪಾಡು ಮಾಡದಿದ್ದರೆ ಸರ್ವರನ್ನು ನಿಲ್ಲಿಸುವುದಿಲ್ಲ. ಅದೂ ಕೆಲವು ಗಂಟೆ ತಡವಾಗಿ ಬರಬಹುದು.

ಜವಾಬ್ದಾರಿ ಯಾರದು? ಬಾಡಿಗೆ ಮಳಿಗೆಯಲ್ಲಿ ಗೋಡೆ, ಸೂರು ಮಾಲೀಕರದು. ಬೀಗ ಮತ್ತು ಸರಕು ಬಾಡಿಗೆದಾರರದು. ಇಲ್ಲಿಯೂ ಯಂತ್ರ, ವಿದ್ಯುತ್, ಕಟ್ಟಡ ಕಂಪನಿಯ ಹೊಣೆ. ಸರ್ವರಿನೊಳಗಿನ ಸಾಫ್ಟ್‌ವೇರ್ ಅಪ್‌ಡೇಟ್, ಪಾಸ್‌ವರ್ಡ್, ಡೇಟಾ ನಿಮ್ಮವು. ಬ್ಯಾಕಪ್ ಕೂಡ ಕೇಳದ ಹೊರತು ತಾನಾಗಿ ಆಗುತ್ತದೆಂದು ನಂಬಬೇಡಿ. 2021ರ ಮಾರ್ಚ್‌ನಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಹೆಚ್ ಕಂಪನಿಯ ಡೇಟಾ ಸೆಂಟರ್ ಕಟ್ಟಡವೊಂದು ಬೆಂಕಿಗೆ ಆಹುತಿಯಾದಾಗ, ಬೇರೆ ಕಡೆ ಪ್ರತಿ ಇಟ್ಟುಕೊಳ್ಳದ ಗ್ರಾಹಕರು ಡೇಟಾ ಕಳೆದುಕೊಂಡರು.

ಹಾಗಾಗಿ ಡೆವಲಪರ್‌ಗೆ ಎರಡು ಕೆಲಸ ಹೇಳಿ. ದಿನವೂ ಆರ್ಡರ್‌ಗಳ ಡೇಟಾಬೇಸಿನ ಒಂದು ಪ್ರತಿ ಬೇರೆ ಊರಿನ ಡೇಟಾ ಸೆಂಟರಿಗೆ ಹೋಗಬೇಕು. ಕೆಲವು ತಿಂಗಳಿಗೊಮ್ಮೆ ಆ ಪ್ರತಿಯಿಂದಲೇ ಹೊಸ ಸರ್ವರ್ ಎಬ್ಬಿಸಿ, ನಿನ್ನೆಯ ಆರ್ಡರ್ ಅದರಲ್ಲಿದೆಯೇ ಎಂದು ನಿಮ್ಮ ಮುಂದೆ ತೆರೆದು ತೋರಿಸಬೇಕು. ನೋಡಿದ ಮೇಲೆ ಆ ಸರ್ವರನ್ನು ಡಿಸ್ಕ್ ಸಮೇತ ಅಳಿಸಿಸಿ.