ಕುಂಬಳೆಯ ಸೆಕೆಯಲ್ಲೂ ಪಾಯಿನ್‌ಸೆಟಿಯಾ ನಿಂತಿತು

"ಈ ಸೆಕೆಗೆ ಅದು ಒಂದು ವಾರ ನಿಂತರೆ ಹೆಚ್ಚು, ಮಾರಾಯ್ರೆ" ಅಂತ ಮಂಗಳೂರಿನ ನರ್ಸರಿಯವರೇ ನನಗೆ ಹೇಳಿದ್ದರು. ಕ್ರಿಸ್ಮಸ್ ಹೊತ್ತಿಗೆ ಮೇಲಿನ ಎಲೆಗಳು ಕೆಂಪಾಗುವ ಪಾಯಿನ್‌ಸೆಟಿಯಾ ಗಿಡದ ಮಾತು ಅದು. ಕಳೆದ ಡಿಸೆಂಬರ್ ಮೊದಲ ವಾರ ತಂದ ಗಿಡ ಹೊಸ ವರ್ಷ ಕಳೆದರೂ ಕೆಂಪಾಗಿಯೇ ಇತ್ತು. ಅದಕ್ಕೆ ಮೊದಲು ಸಾವಿರದ ಮೇಲೆ ದುಡ್ಡು ಕಸದ ಬುಟ್ಟಿಗೆ ಹೋಗಿದೆ, ಅದೂ ನಿಜ.

ಮೊದಲಿನ ಗಿಡಗಳು ಹೋದದ್ದು ನೀರಿನಿಂದ. ಕುಂಡಕ್ಕೆ ಸುತ್ತಿ ಕೊಡುವ ಬಣ್ಣದ ಹಾಳೆ ಇದೆಯಲ್ಲ, ಹಾಕಿದ ನೀರೆಲ್ಲ ಅದರೊಳಗೇ ನಿಂತು ಬೇರು ಕೊಳೆಯುತ್ತದೆ. ಕೆಳಗಿನ ಎಲೆ ಹಳದಿಯಾಗುತ್ತದೆ, ಮಣ್ಣು ಒದ್ದೆ ಇದ್ದರೂ ಗಿಡ ಬಾಡುತ್ತದೆ. ಬಾಡಿತೆಂದು ಇನ್ನೊಂದು ಲೋಟ ಹೊಯ್ದರೆ ಕತೆ ಮುಗಿಯಿತು. ಈಗ ಮನೆಗೆ ಬಂದ ಕೂಡಲೇ ಹಾಳೆ ತೆಗೆದುಬಿಡುತ್ತೇನೆ. ದಿನಾ ಕುಂಡ ಎತ್ತಿ ನೋಡುವುದು. ಹಗುರವಾಗಿದ್ದರೆ ಬಚ್ಚಲಲ್ಲಿಟ್ಟು ಅಡಿಯಿಂದ ನೀರು ಇಳಿಯುವಷ್ಟು ಹೊಯ್ದು, ಪೂರ್ತಿ ಸೋರಿದ ಮೇಲೆ ಒಳಗೆ ತರುವುದು. ಜಾಗ ಪೂರ್ವದ ಕಿಟಕಿ. ಫ್ಯಾನಿನ ಗಾಳಿ ನೇರ ಬೀಳಬಾರದು.

ಇಷ್ಟು ಮಾಡಿದರೂ ಒಂದು ವರ್ಷ ಎಲೆ ಉದುರಿತು. ಆದರೆ ಆ ಸಲ ಲಕ್ಷಣ ಬೇರೆ: ಎಲೆ ಹಳದಿಯಾಗಲಿಲ್ಲ, ಬಾಡಲಿಲ್ಲ, ತೊಟ್ಟು ಮಾತ್ರ ಕೆಳಕ್ಕೆ ಬಾಗಿ ಹಸಿ ಎಲೆಯೇ ಬಿತ್ತು. ಅದೇ ಕೋಣೆಯಲ್ಲಿ ನೇಂದ್ರದ ಗೊನೆ ತೂಗಿತ್ತು! ಹಣ್ಣಾಗುವ ಬಾಳೆ ಬಿಡುವ ಎಥಿಲೀನ್ ಅನಿಲ ಈ ಗಿಡಕ್ಕೆ ಆಗದು. ನಮ್ಮ ಕಡೆ ಗೊನೆಯಿಲ್ಲದ ಮನೆ ಎಲ್ಲಿದೆ? ಈಗ ಗೊನೆ ಹಿಂದಿನ ಜಗಲಿಗೆ ಹೋಗಿದೆ. ಮನೆಯಲ್ಲಿ ಗೊಣಗಾಟ ಇನ್ನೂ ನಿಂತಿಲ್ಲ.

ಕೊಳ್ಳುವಾಗ ಕೆಂಪು ಎಲೆ ನೋಡಿ ಮರುಳಾಗಬೇಡಿ. ನಡುವಿನ ಸಣ್ಣ ಹೂಗಳು ಇನ್ನೂ ಹಸಿರು ಮೊಗ್ಗಾಗಿರಬೇಕು. ಹಳದಿ ಪುಡಿ ಉದುರುತ್ತಿದ್ದರೆ ಆ ಗಿಡಕ್ಕೆ ವಯಸ್ಸಾಗಿದೆ, ಅರ್ಧ ಬೆಲೆಗೂ ಬೇಡ. ನಾನು ಕೊಟ್ಟದ್ದು ಮುನ್ನೂರರ ಆಸುಪಾಸು. ಯಾವ ದಿನ ಹೊಸ ಲೋಡ್ ಬರುತ್ತದೆ ಅಂತ ಮಾತ್ರ ಹೇಳುವುದಿಲ್ಲ, ಮುಂದಿನ ವರ್ಷ ನನಗೂ ಬೇಕಲ್ಲ.

ಹಳೆಯ ಗಿಡವನ್ನೇ ಕೆಂಪು ಮಾಡಲೂ ನೋಡಿದೆ. ಅಕ್ಟೋಬರಿನಿಂದ ಸಂಜೆ ಐದಕ್ಕೆ ರಟ್ಟಿನ ಪೆಟ್ಟಿಗೆ ಮುಚ್ಚಿ ಬೆಳಗ್ಗೆ ಎಂಟಕ್ಕೆ ತೆಗೆಯುವುದು. ಇದಕ್ಕೆ ಹದಿನಾಲ್ಕು ಗಂಟೆಯಷ್ಟು ಕತ್ತಲೆ ಬೇಕು, ಜೊತೆಗೆ ತಂಪು ರಾತ್ರಿ. ಕತ್ತಲೆ ಕೊಟ್ಟೆ, ತಂಪು ಎಲ್ಲಿಂದ ತರಲಿ? ಜನವರಿಯಲ್ಲಿ ನಾಲ್ಕು ಎಲೆಗೆ ಗುಲಾಬಿ ಮಚ್ಚೆ ಬಂತು, ಅಷ್ಟೆ.

ಇಷ್ಟು ತಾಳ್ಮೆ ಇಲ್ಲದವರಿಗೆ, ಸಣ್ಣ ಮನೆಯಾದರೆ, ಕೆಂಪು ಆಂಥೂರಿಯಂ ಸಾಕು. ನಮ್ಮ ತೇವದ ಹವೆ ಅದಕ್ಕೆ ಹೇಳಿಮಾಡಿಸಿದ್ದು. ಬಿಸಿಲಿನ ಕಿಟಕಿ ಇದ್ದರೆ ಕಲಾಂಚೋ. ತಂಪು ಬೇಡುವ ಸೈಕ್ಲಮೆನ್ ಘಟ್ಟದ ಮೇಲಿನವರಿಗೇ ಇರಲಿ. ಕ್ರಿಸ್ಮಸ್ ಮರ ಬೇಕೇಬೇಕೆಂದರೆ ಕುಂಡದ ಅರಕೇರಿಯಾ ತನ್ನಿ, ಆದರೆ ಮಾಡಿಗೆ ತಾಗುತ್ತದೆಂದು ತುದಿ ಕತ್ತರಿಸಬೇಡಿ. ಆಮೇಲೆ ಅದಕ್ಕೆ ಆ ಚಂದದ ಆಕಾರ ಬರುವುದಿಲ್ಲ.