ಕತ್ತರಿಸಿ ಹೋದ ಒಂದು ‘ಅತ್ತಿಗೆ’

ನನ್ನ ಮೊದಲ ಚಿತ್ರದ ರಫ್ ಕಟ್, ಅಂದರೆ ಕಚ್ಚಾ ಸಂಕಲನ, 2 ಗಂಟೆ 14 ನಿಮಿಷವಿದ್ದಾಗ, ಕಥೆಯನ್ನು ಮೊದಲು ಕೇಳಿರದ 14 ಮಂದಿಯನ್ನು ಬೆಂಗಳೂರಿನ ಒಂದು ಸಣ್ಣ ಪ್ರಿವ್ಯೂ ಥಿಯೇಟರಿಗೆ ಕರೆದಿದ್ದೆ. ಬಣ್ಣ ತಿದ್ದಿರಲಿಲ್ಲ, ಹಿನ್ನೆಲೆ ಸಂಗೀತವೂ ತಾತ್ಕಾಲಿಕವಾಗಿತ್ತು. ಆದರೆ ಸಂಭಾಷಣೆಯ ಧ್ವನಿಯನ್ನು ಮಾತ್ರ ಎರಡು ದಿನ ಕುಳಿತು ಸರಿಪಡಿಸಿಕೊಂಡಿದ್ದೆ. ಸರಿಯಾಗಿ ಕೇಳಿಸದ ಮಾತನ್ನೂ ಪ್ರೇಕ್ಷಕರು ‘ಕಥೆ ಅರ್ಥವಾಗಲಿಲ್ಲ’ ಎಂದೇ ಹೇಳುವುದರಿಂದ, ದೋಷ ಧ್ವನಿಯದೋ ಸಂಕಲನದ್ದೋ ಎಂದು ಆಮೇಲೆ ಬೇರ್ಪಡಿಸುವುದು ಕಷ್ಟ.

ಪ್ರದರ್ಶನದ ಉದ್ದಕ್ಕೂ ಪರದೆಯನ್ನು ಬಿಟ್ಟು ಮುಖಗಳನ್ನೇ ನೋಡುತ್ತ, ಯಾರಾದರೂ ಪಕ್ಕದವರತ್ತ ಬಾಗಿ ಪಿಸುಗುಟ್ಟಿದ ನಿಮಿಷವನ್ನು ಗುರುತು ಹಾಕಿಕೊಂಡೆ. ಮುಗಿದ ಕೂಡಲೇ ಮಾತಿಗೆ ಬಿಡದೆ ಹಾಳೆ ಹಂಚಿದೆ, ಏಕೆಂದರೆ ಒಬ್ಬರು ಗಟ್ಟಿಯಾಗಿ ಅಭಿಪ್ರಾಯ ಹೇಳಿದರೆ ಉಳಿದವರು ಅತ್ತಲೇ ವಾಲುತ್ತಾರೆ. ‘ಇಷ್ಟವಾಯಿತೇ’ ಎಂಬ ಪ್ರಶ್ನೆ ಅದರಲ್ಲಿರಲಿಲ್ಲ. ಚಿತ್ರದ ಗಿರಿಜೆ ರಘುವಿಗೆ ಏನಾಗಬೇಕು, ಆಸ್ಪತ್ರೆಯಲ್ಲಿ ಆಕೆ ಹೊರಗೆ ಬಂದದ್ದು ಏಕೆ ಎಂಬಂಥ ಪ್ರಶ್ನೆಗಳಿದ್ದವು.

ಒಂಬತ್ತು ಮಂದಿ 48ನೇ ನಿಮಿಷದ ಆಸ್ಪತ್ರೆಯ ದೃಶ್ಯ ಎಳೆದಂತಿದೆ, ಕತ್ತರಿಸಿ ಎಂದು ಬರೆದಿದ್ದರು. ಸಂಕಲನಕಾರರು ಒಂದೂವರೆ ನಿಮಿಷ ತೆಗೆಯಲು ಸಿದ್ಧರಾಗಿದ್ದರು, ನಾನೂ ಒಪ್ಪುವವನಿದ್ದೆ. ಆದರೆ ಹಾಳೆಗಳನ್ನು ಮತ್ತೆ ತಿರುವಿದಾಗ, ಆ ಒಂಬತ್ತರಲ್ಲಿ ಏಳು ಮಂದಿ ಗಿರಿಜೆಯನ್ನು ರಘುವಿನ ಹೆಂಡತಿಯೆಂದು ತಿಳಿದಿದ್ದದ್ದು ಕಂಡಿತು. ಆಕೆ ಅವನ ಅಣ್ಣನ ಹೆಂಡತಿ. ರಘುವನ್ನು ಮದುವೆಯಾಗಬೇಕಾದ ಹುಡುಗಿ ಬಂದಾಗ ಗಿರಿಜೆ ಎದ್ದು ಹೊರಗೆ ಹೋಗುತ್ತಾಳೆ. ಹೆಂಡತಿಯೇ ಹಾಗೆ ಹೋದಳೆಂದುಕೊಂಡವರಿಗೆ ಮುಂದಿನದೆಲ್ಲ ಅರ್ಥವಿಲ್ಲದ ಕಾಯುವಿಕೆಯಾಗಿತ್ತು.

ತಪ್ಪು ಸಿಕ್ಕಿದ್ದು 11ನೇ ನಿಮಿಷದ ಅಡುಗೆಮನೆಯಲ್ಲಿ. ಓಟ ಹೆಚ್ಚಿಸಲೆಂದು ತೆಗೆದ ಆರು ಸೆಕೆಂಡುಗಳ ಜೊತೆಗೆ ‘ಅತ್ತಿಗೆ, ಕಾಫಿ ಆಯ್ತಾ?’ ಎಂಬ ರಘುವಿನ ಮಾತೂ ಹೋಗಿತ್ತು. ಚಿತ್ರಕಥೆ ಬಾಯಿಪಾಠವಾಗಿದ್ದ ನಮಗೆ ಅದರ ಕೊರತೆ ಕಾಣಲೇ ಇಲ್ಲ. ಆ ಶಾಟನ್ನು ಮರಳಿ ಸೇರಿಸಿದರೆ ದೃಶ್ಯ ಮತ್ತೆ ಕುಂಟುತ್ತಿತ್ತು. ಆದ್ದರಿಂದ ಗಿರಿಜೆ ಒಲೆಯ ಮುಂದೆ ಬೆನ್ನು ಹಾಕಿ ನಿಂತಿರುವ ಶಾಟಿನ ಮೇಲೆ, ಹೊರಗಿನಿಂದ ಕೂಗಿದಂತೆ, ಆ ಮಾತಿನ ಧ್ವನಿಯನ್ನಷ್ಟೇ ಕೂರಿಸಿದೆವು. ಮೊದಲ ಹತ್ತು ಹನ್ನೆರಡು ನಿಮಿಷಗಳಲ್ಲಿ ಒಂದೇ ಸಲ ಬರುವ ಸಂಬಂಧವಾಚಕವನ್ನು ನಂಬುವಂತಿಲ್ಲವೆಂದು, 26ನೇ ನಿಮಿಷದ ಫೋನ್ ಸಂಭಾಷಣೆಯಲ್ಲಿ ‘ಅತ್ತಿಗೆ ಕೈಗೆ ಕೊಡ್ತೀನಿ’ ಎಂಬ ಮಾತನ್ನು ಡಬ್ಬಿಂಗ್‌ನಲ್ಲಿ ಸೇರಿಸಿದೆವು. ಆಸ್ಪತ್ರೆಯ ದೃಶ್ಯವನ್ನು ಮುಟ್ಟಲಿಲ್ಲ.

ಚಿತ್ರದ ಕೊನೆಯಲ್ಲಿ ಬರುವ ಪತ್ರವನ್ನು ಬರೆದವರು ಯಾರು ಎಂಬುದರಲ್ಲೂ ಉತ್ತರಗಳು ಒಂದಾಗಿರಲಿಲ್ಲ. ಆದರೆ ಪ್ರತಿಯೊಬ್ಬರೂ ಚಿತ್ರದೊಳಗಿನ ಯಾವುದೋ ವಿವರವನ್ನೇ ಆಧಾರವಾಗಿ ಕೊಟ್ಟಿದ್ದರಿಂದ, ಅದು ನಾನು ಬಯಸಿದ ಅನುಮಾನವೇ ಎಂದು ಹಾಗೆಯೇ ಬಿಟ್ಟೆ.

ಮೊದಲು ನೋಡಿದವರಿಗೆ ಕಥೆ ಗೊತ್ತಾಗಿಬಿಟ್ಟಿದ್ದರಿಂದ, ಎರಡನೆಯ ಪ್ರದರ್ಶನಕ್ಕೆ ಹೊಸದಾಗಿ 11 ಮಂದಿಯನ್ನು ಕರೆದೆ. ಗಿರಿಜೆಯನ್ನು ಹೆಂಡತಿಯೆಂದವರು ಒಬ್ಬರೇ. ಆಸ್ಪತ್ರೆ ಉದ್ದವಾಯಿತೆಂದು ಇಬ್ಬರು ಬರೆದಿದ್ದರು, ಇಬ್ಬರಿಗೂ ಸಂಬಂಧ ಸರಿಯಾಗಿಯೇ ತಿಳಿದಿತ್ತು. ಆಗ ಅಲ್ಲಿಂದ 20 ಸೆಕೆಂಡು ಕತ್ತರಿಸಿದೆ.