ನೂರರಲ್ಲಿ ಒಂಬತ್ತು, ಆದರೆ ಯಾವ ನೂರು?

2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿತಲ್ಲ, ಅದಾದ ಸ್ವಲ್ಪ ದಿನಕ್ಕೆ ಸರ್ಕಾರಿ ಕಚೇರಿಯೊಂದರಿಂದ ನನಗೊಂದು ಫೋನ್ ಬಂತು. "ಸೊಳ್ಳೆ ಬಿಟ್ಟೇ ಡೆಂಗಿ ತಡೆದಿದ್ದಾರಂತೆ, ಇಂಡೋನೇಷ್ಯಾದಲ್ಲಿ. ಸಾಹೇಬ್ರು ಓದೋ ಹಾಗೆ ಒಂದು ಪುಟ ಮಾಡಿಕೊಡಿ ಮೇಡಂ. ಎರಡನೇ ಪುಟ ಅವರು ತಿರುಗಿಸಲ್ಲ."

ಸಂಶೋಧನಾ ಪ್ರಬಂಧಗಳನ್ನು ಕನ್ನಡದಲ್ಲಿ ಒಂದು ಪುಟಕ್ಕೆ ಇಳಿಸಿಕೊಡುವುದು ನನ್ನ ಕೆಲಸ. ಎ4 ಹಾಳೆಯಲ್ಲಿ, ಕಣ್ಣಿಗೆ ಹಿತವಾಗುವಷ್ಟು ದೊಡ್ಡ ಅಕ್ಷರದಲ್ಲಿ ಹಿಡಿಸುವುದು ಸುಮಾರು 280 ಪದ. ಅಷ್ಟರಲ್ಲಿ ಏನನ್ನು ಬಿಡಬೇಕು ಎಂಬುದೇ ದೊಡ್ಡ ತಲೆನೋವು ಅಂದುಕೊಂಡಿದ್ದೆ. ಈ ಪ್ರಬಂಧ ಬೇರೆಯದೇ ಜಾಗದಲ್ಲಿ ನನ್ನನ್ನು ಎಡವಿಸಿತು.

ಪ್ರಬಂಧ 2021ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದದ್ದು. ಈಡಿಸ್ ಸೊಳ್ಳೆಯೊಳಗೆ ವೊಲ್ಬಾಕಿಯಾ ಎಂಬ ಬ್ಯಾಕ್ಟೀರಿಯಾ ಇದ್ದರೆ ಅದರ ಮೈಯಲ್ಲಿ ಡೆಂಗಿ ವೈರಸ್ ಸರಿಯಾಗಿ ಬೆಳೆಯುವುದಿಲ್ಲ. ತಾಯಿ ಸೊಳ್ಳೆಯಿಂದ ಮರಿಗಳಿಗೂ ಆ ಬ್ಯಾಕ್ಟೀರಿಯಾ ದಾಟುತ್ತದೆ. ಇಂಡೋನೇಷ್ಯಾದ ಯೋಗ್ಯಕಾರ್ತಾ ನಗರದ 26 ಚದರ ಕಿ.ಮೀ. ಜಾಗವನ್ನು 24 ಭಾಗ ಮಾಡಿ, ಚೀಟಿ ಎತ್ತಿದ ಹಾಗೆ 12 ಭಾಗಗಳನ್ನು ಆರಿಸಿ, ಅಲ್ಲಿ ಮಾತ್ರ ಇಂಥ ಸೊಳ್ಳೆಗಳನ್ನು ಬಿಟ್ಟರು. ಆಮೇಲೆ ಎರಡೂ ಕಡೆ ಡೆಂಗಿ ಎಷ್ಟಿದೆ ಎಂದು ನೋಡಿದರು. ಸೊಳ್ಳೆ ಬಿಡದ ಕಡೆ 9.4 ಶೇಕಡಾ, ಬಿಟ್ಟ ಕಡೆ 2.3 ಶೇಕಡಾ.

ಮರುದಿನವೇ ಬೇಕು ಎಂದಿದ್ದರಿಂದ ನಾನು ಪ್ರಬಂಧದ ಮೊದಲಿನ ಸಾರಾಂಶವನ್ನಷ್ಟೇ ಓದಿ ಕರಡು ಬರೆದೆ. "ಸೊಳ್ಳೆ ಬಿಡದ ಬಡಾವಣೆಗಳಲ್ಲಿ ನೂರಕ್ಕೆ 9 ಜನರಿಗೆ ಡೆಂಗಿ ಬಂತು, ಬಿಟ್ಟ ಬಡಾವಣೆಗಳಲ್ಲಿ 2 ಜನರಿಗೆ." ಓದಲು ಎಷ್ಟು ಸಲೀಸು!

ಕರಡು ಮುಗಿದ ಮೇಲೆ ಒಬ್ಬರ ಮುಂದೆ ಓದಿ, ಅವರ ಬಾಯಲ್ಲೇ ವಾಪಸ್ ಹೇಳಿಸುವುದು ನನ್ನ ರೂಢಿ. ಅರ್ಥವಾಯಿತಾ ಎಂದು ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಮಲ್ಲೇಶ್ವರದ ನಮ್ಮ ಪಕ್ಕದ ಮನೆಯಲ್ಲಿ ನಿವೃತ್ತ ಶಿರಸ್ತೇದಾರರಿದ್ದಾರೆ. ಮೂವತ್ತು ವರ್ಷ ಕಡತಗಳಲ್ಲಿ ತಪ್ಪು ಹುಡುಕಿದ ಕಣ್ಣು. ಕಾಫಿ ಲೋಟ ಕೆಳಗಿಟ್ಟು ಅವರು ಹೇಳಿದರು: "ಅಲ್ಲಮ್ಮಾ, ಆ ಊರಲ್ಲಿ ನಾಲ್ಕು ಲಕ್ಷ ಜನ ಇದ್ರೆ ಮೂವತ್ತಾರು ಸಾವಿರ ಜನಕ್ಕೆ ಡೆಂಗಿ ಬಂತು ಅಂತಾಯ್ತು. ಅಷ್ಟಾ?"

ನಾನು ಬರೆದದ್ದನ್ನು ಓದಿದರೆ ಹಾಗೇ ಆಗುತ್ತದೆ. ಅವರ ತಪ್ಪಲ್ಲ. ಮನೆಗೆ ಬಂದು ವಿಧಾನದ ಭಾಗ ತೆರೆದೆ, ಮೊದಲೇ ತೆರೆಯಬೇಕಿತ್ತು. ಸಂಶೋಧಕರು ಊರಿನ ಜನರನ್ನೆಲ್ಲ ಎಣಿಸಿಯೇ ಇಲ್ಲ. ಜ್ವರವೆಂದು ಪ್ರಾಥಮಿಕ ಕ್ಲಿನಿಕ್‌ಗಳಿಗೆ ಬಂದ 3ರಿಂದ 45 ವರ್ಷದವರ ರಕ್ತ ಪರೀಕ್ಷೆ ಮಾಡಿ, ಡೆಂಗಿ ಇದ್ದವರು ಒಂದು ಕಡೆ, ಬೇರೆ ಜ್ವರದವರು ಇನ್ನೊಂದು ಕಡೆ ಎಂದು ವಿಂಗಡಿಸಿದ್ದಾರೆ. ಸೊಳ್ಳೆ ಬಿಡದ ಕಡೆಯ 3401 ಜನರಲ್ಲಿ 318 ಜನಕ್ಕೆ ಡೆಂಗಿ, ಬಿಟ್ಟ ಕಡೆಯ 2905 ಜನರಲ್ಲಿ 67 ಜನಕ್ಕೆ. ಅಂದರೆ ಆ ನೂರು ಊರಿನ ನೂರಲ್ಲ, ಜ್ವರದ ನೂರು. ಬೇರೆ ಜ್ವರಗಳಿಗೂ ಈ ಸೊಳ್ಳೆಗೂ ಸಂಬಂಧವಿಲ್ಲದ ಕಾರಣ, ಅವು ಎರಡೂ ಕಡೆ ಒಂದೇ ರೀತಿ ಇರುತ್ತವೆ. ಅವುಗಳ ಪಕ್ಕದಲ್ಲಿಟ್ಟು ಅಳೆದರೆ ಡೆಂಗಿ ಎಲ್ಲಿ ಇಳಿದಿದೆ ಎಂದು ತಿಳಿಯುತ್ತದೆ. ಜಾಣ ಉಪಾಯ. ಆದರೆ ಊರಲ್ಲಿ ಒಟ್ಟು ಎಷ್ಟು ಜನಕ್ಕೆ ಡೆಂಗಿ ಬಂತೆಂದು ಆ ಅಂಕಿ ಹೇಳುವುದಿಲ್ಲ. ನನ್ನ ಮೊದಲ ಸಾಲನ್ನು ನಂಬಿ ಯಾರಾದರೂ ಬೆಂಗಳೂರಿನ ಜನಸಂಖ್ಯೆಗೆ ಗುಣಿಸಿದ್ದರೆ, ಆಸ್ಪತ್ರೆಯ ಹಾಸಿಗೆಗಳ ಲೆಕ್ಕವೇ ಕೆಡುತ್ತಿತ್ತು.

ಹೊಸ ಸಾಲು ಹೀಗಾಯಿತು: "ಜ್ವರವೆಂದು ಕ್ಲಿನಿಕ್‌ಗೆ ಬಂದ ಪ್ರತಿ ನೂರು ಜನರಲ್ಲಿ ಡೆಂಗಿ ಇದ್ದದ್ದು, ಸೊಳ್ಳೆ ಬಿಡದ ಕಡೆ ಸುಮಾರು 9 ಜನಕ್ಕೆ, ಬಿಟ್ಟ ಕಡೆ ಸುಮಾರು 2 ಜನಕ್ಕೆ." ಉದ್ದವಾಯಿತು, ಇರಲಿ. ಈ ಸಾಲನ್ನು ಕೇಳಿದ ಮೇಲೆ ಶಿರಸ್ತೇದಾರರು ಗುಣಾಕಾರ ಮಾಡಲಿಲ್ಲ.

ಇನ್ನೊಂದು ಅಂಕಿಯೂ ಕಾಡಿತು. ಪ್ರಬಂಧದ ಮುಖ್ಯ ಫಲಿತಾಂಶ 77.1 ಶೇಕಡಾ ರಕ್ಷಣೆ. 9.4 ಮತ್ತು 2.3 ಎರಡನ್ನೂ ಪುಟದಲ್ಲಿ ಹಾಕಿದರೆ, ಫೋನಿನಲ್ಲಿ ಭಾಗಿಸಿ ನೋಡುವ ಅಧಿಕಾರಿ ಒಬ್ಬರಾದರೂ ಇರುತ್ತಾರೆ. ಅವರಿಗೆ ಸಿಗುವುದು 75 ಚಿಲ್ಲರೆ. 77 ಬಂದಿರುವುದು ಡೆಂಗಿ ಇದ್ದವರನ್ನು ಇಲ್ಲದವರಿಂದ ಭಾಗಿಸುವ ಬೇರೊಂದು ಲೆಕ್ಕದಿಂದ. ಅದನ್ನು ವಿವರಿಸಲು ಜಾಗವಿಲ್ಲ, ವಿವರಿಸದಿದ್ದರೆ ಇಡೀ ಪುಟದ ಮೇಲೆ ಅನುಮಾನ. "ಸುಮಾರು ಮುಕ್ಕಾಲು ಪಾಲು ಇಳಿಕೆ" ಎಂದು ಬರೆದೆ, ಎರಡೂ ಲೆಕ್ಕಕ್ಕೆ ಹೊಂದುತ್ತದೆ. ಅದರ ಹಿಂದೆಯೇ, "ನಿಜವಾದ ಇಳಿಕೆ 65ರಿಂದ 85 ಶೇಕಡಾ ನಡುವೆ ಇರುವ ಸಾಧ್ಯತೆ ಹೆಚ್ಚು." ಆ ಸಾಲನ್ನು ತೆಗೆದರೆ ಪುಟ ಚೊಕ್ಕಟವಾಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ನಾನು ತೆಗೆಯಲಿಲ್ಲ. ದುಡ್ಡು ಹಾಕುವವರಿಗೆ ಕಡಿಮೆಯೆಂದರೆ ಎಷ್ಟು ಎಂಬುದು ಗೊತ್ತಿರಬೇಕು.

ಪುಟದ ಎರಡನೇ ಸಾಲಿನಲ್ಲೇ "ಇದು ಕುಲಾಂತರಿ ಸೊಳ್ಳೆಯಲ್ಲ" ಎಂದು ಹಾಕಿದ್ದೆ. 2010ರಲ್ಲಿ ಬಿಟಿ ಬದನೆಯ ಸಾರ್ವಜನಿಕ ಸಭೆ ಬೆಂಗಳೂರಿನಲ್ಲಿ ನಡೆದದ್ದನ್ನು ನೆನಪಿಟ್ಟುಕೊಂಡವರು ಆ ಕಚೇರಿಗಳಲ್ಲಿ ಇನ್ನೂ ಇದ್ದಾರೆ. ಆ ಅನುಮಾನ ಬಗೆಹರಿಯುವ ತನಕ ಅವರು ಮುಂದಿನ ಸಾಲಿಗೆ ಹೋಗುವುದಿಲ್ಲ. ಬ್ಯಾಕ್ಟೀರಿಯಾ ಹಣ್ಣಿನ ನೊಣದಿಂದ ತೆಗೆದದ್ದು, ಸೊಳ್ಳೆಯ ವಂಶವಾಹಿಯನ್ನು ಮುಟ್ಟಿಲ್ಲ. ಇಷ್ಟು ಸಾಕಾಯಿತು.

ಇತಿಮಿತಿಗಳನ್ನು ಕೊನೆಗೆ ಇಡುವ ಪದ್ಧತಿ ನಾನು ಬಿಟ್ಟು ಬಹಳ ದಿನವಾಯಿತು. ನಕಲು ಯಂತ್ರದಲ್ಲಿ ಮೊದಲು ಮಸುಕಾಗುವುದೂ ಅದೇ, ಓದುವವರು ಮೊದಲು ಬಿಡುವುದೂ ಅದೇ. ಹಾಗಾಗಿ ಫಲಿತಾಂಶದ ಪಕ್ಕದಲ್ಲೇ "ಒಂದೇ ನಗರದ ಅನುಭವ" ಎಂದು ಬರೆದೆ. ಇನ್ನೊಂದು ವಿಷಯದ ಬಗ್ಗೆ ಬಹಳ ಹೊತ್ತು ಯೋಚಿಸಿದೆ. ಯೋಗ್ಯಕಾರ್ತಾದಲ್ಲಿ ಬಳಸಿದ ವೊಲ್ಬಾಕಿಯಾ ತಳಿ ತುಂಬಾ ಸೆಕೆಯಲ್ಲಿ ದುರ್ಬಲವಾಗುತ್ತದೆ ಎಂದು ಬೇರೆ ಪ್ರಯೋಗಗಳು ತೋರಿಸಿವೆ. ಬೆಂಗಳೂರಿಗೆ ಅದು ದೊಡ್ಡ ಮಾತಲ್ಲ, ರಾಯಚೂರು, ಕಲಬುರಗಿಯ ಬೇಸಿಗೆಗೆ ದೊಡ್ಡ ಮಾತು. ಸಾಹೇಬರು ನೋಡುವುದು ಇಡೀ ರಾಜ್ಯವನ್ನು. ಆದರೆ ಈ ಮಾತು ಪ್ರಬಂಧದಲ್ಲಿಲ್ಲ. ಕೊನೆಗೆ ಗೆರೆ ಎಳೆದು, "ಈ ಪ್ರಬಂಧದ ಹೊರಗಿನ ಮಾಹಿತಿ" ಎಂಬ ತಲೆಬರಹದ ಕೆಳಗೆ ಸೇರಿಸಿದೆ. ಲೇಖಕರು ಹೇಳದ್ದನ್ನು ಅವರ ಬಾಯಿಗೆ ತುರುಕಿದ ಹಾಗಾಗಬಾರದು.

ಕಳಿಸಿದ್ದು ವರ್ಡ್ ಕಡತ, ಅದೂ ಒಂದು ತಪ್ಪು. ಅವರ ಕಂಪ್ಯೂಟರಿನಲ್ಲಿ ಫಾಂಟ್ ಬದಲಾಗಿ ನಾಲ್ಕು ಸಾಲು ಎರಡನೇ ಪುಟಕ್ಕೆ ಹೋಗಿದ್ದವು. ಈಗ ಪಿಡಿಎಫ್ ಬಿಟ್ಟು ಬೇರೇನೂ ಕಳಿಸುವುದಿಲ್ಲ.

ಮೂರು ದಿನ ಬಿಟ್ಟು ಪುಟ ವಾಪಸ್ ಬಂತು. ಅಂಚಿನಲ್ಲಿ ಪೆನ್ಸಿಲ್ ಷರಾ: "ನಮ್ಮ ದೇಶದಲ್ಲಿ ಈ ಸೊಳ್ಳೆ ಯಾರ ಹತ್ತಿರ ಇದೆ?" ಅದಕ್ಕೆ ಉತ್ತರ ಇತ್ತು. ಪುದುಚೇರಿಯ ಐಸಿಎಂಆರ್ ವೆಕ್ಟರ್ ಕಂಟ್ರೋಲ್ ರಿಸರ್ಚ್ ಸೆಂಟರ್ ಇಂಥ ಸೊಳ್ಳೆಗಳನ್ನು ಬೆಳೆಸಿದೆ ಎಂದು 2022ರಲ್ಲೇ ಸುದ್ದಿಯಾಗಿತ್ತು. ಅದರಲ್ಲಿ ಒಂದು ತಳಿ ಸೆಕೆಯನ್ನು ಹೆಚ್ಚು ತಾಳಿಕೊಳ್ಳುವಂಥದ್ದು. ಆದರೆ ಹೊರಗೆ ಬಿಡಲು ಸರ್ಕಾರದ ಅನುಮತಿ ಬೇಕು. ಈ ಮೂರು ವಾಕ್ಯಕ್ಕೆ ಜಾಗ ಮಾಡಲು, ಎರಡು ವಾರಕ್ಕೊಮ್ಮೆ ಡಬ್ಬಿಗಳಲ್ಲಿ ಮೊಟ್ಟೆ ಇಟ್ಟು ಸೊಳ್ಳೆ ಬಿಟ್ಟ ಬಗೆಯನ್ನು ಹೇಳುತ್ತಿದ್ದ ನನ್ನ ಇಷ್ಟದ ಪ್ಯಾರಾವನ್ನು ಅಳಿಸಿದೆ.